ಎರಡು ನಿಮಿಷದಲ್ಲಿ ಬಿಸಿಲು, ಗಾಳಿ, ನೀರು

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸೆಮಿನಾರ್ ಎಂಬುದೊಂದು ಇದೆ. ವಿದ್ಯಾರ್ಥಿ ಒಂದು ವಿಷಯ ಆರಿಸಿಕೊಂಡು ಸ್ಲೈಡುಗಳನ್ನು ಮಾಡಿ, ತರಗತಿಯ ಮುಂದೆ ನಿಂತು ಮಾತನಾಡಬೇಕು. 'ನವೀಕರಿಸಬಹುದಾದ ಶಕ್ತಿ ಮೂಲಗಳು' ಇಲ್ಲಿ ಬಹಳ ಓಡುವ ವಿಷಯ. ಸ್ಲೈಡುಗಳು ಸುಲಭವಾಗಿ ಸಿದ್ಧವಾಗುತ್ತವೆ. ಕಷ್ಟ ಶುರುವಾಗುವುದು 'ನಿನಗೆ ಎರಡೇ ನಿಮಿಷ' ಎಂದು ಅಧ್ಯಾಪಕರು ಹೇಳಿದಾಗ.

ಖಾನಾಪುರದಿಂದ ಬೆಳಗಾವಿಗೆ ದಿನಾ ಓಡಾಡಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆಯೇ ಹನ್ನೆರಡು ಸ್ಲೈಡುಗಳನ್ನು ಹಿಡಿದು ಬಂದಿದ್ದ. "ಸರ್, ಎಲ್ಲಾ ಓದಬೇಕಂದ್ರ ಆರು ನಿಮಿಷ ಆಗ್ತದ್ರಿ. ಜೋರಾಗಿ ಓದಲೇನ್ರಿ?" ಎಂದು ಕೇಳಿದ. "ಜೋರಾಗಿ ಓದಬ್ಯಾಡಪ್ಪ, ಕಡಿಮಿ ಮಾಡು" ಎಂದೆ. ಹೇಗೆ ಕಡಿಮೆ ಮಾಡಿದೆವು ಎಂಬುದು ಉಳಿದವರಿಗೂ ಉಪಯೋಗಕ್ಕೆ ಬರಬಹುದು.

ಮೊದಲು ಲೆಕ್ಕ

ಎರಡು ನಿಮಿಷವೆಂದರೆ 120 ಸೆಕೆಂಡು. ಹನ್ನೆರಡು ಸ್ಲೈಡುಗಳಿಗೆ ಹಂಚಿದರೆ ಒಂದೊಂದಕ್ಕೆ ಹತ್ತು ಸೆಕೆಂಡು. ಅಷ್ಟರಲ್ಲಿ ಕೇಳುವವರು ಶೀರ್ಷಿಕೆಯನ್ನಷ್ಟೇ ಓದಿಯಾರು. ಕೇಳುವವರಿಗೆ ತಿಳಿಯುವಂತೆ ನಿಧಾನವಾಗಿ ಮಾತನಾಡಿದರೆ ಕನ್ನಡದಲ್ಲಿ ನಿಮಿಷಕ್ಕೆ ಸುಮಾರು 80 ಪದ ಸಾಗುತ್ತದೆ. ಕನ್ನಡದ ಪದ ಉದ್ದ. ಇಂಗ್ಲಿಷಿನಲ್ಲಿ ಇದೇ ಹೊತ್ತಿಗೆ 120 ಪದ ಹೇಳಬಹುದು. ಹಾಗಾಗಿ ಕನ್ನಡದ ಬರಹ 150-160 ಪದ ಮೀರಬಾರದು. ಅಂಕಿಗಳ ಬಗ್ಗೆ ಎಚ್ಚರವಿರಲಿ. ಕಾಗದದ ಮೇಲೆ '2,050' ಒಂದೇ ಪದ, ನಾಲಿಗೆಯ ಮೇಲೆ ಅದು 'ಎರಡು ಸಾವಿರದ ಐವತ್ತು'. ಆದ್ದರಿಂದ ಭಾಷಣದ ಪ್ರತಿಯಲ್ಲಿ ಅಂಕಿಗಳನ್ನು ಅಕ್ಷರದಲ್ಲಿಯೇ ಬರೆದುಕೊಳ್ಳಬೇಕು.

ಯಾವುದನ್ನು ಬಿಡಬೇಕು?

ಹುಡುಗನ ಸ್ಲೈಡುಗಳಲ್ಲಿ ವ್ಯಾಖ್ಯೆ, ವಿಧಗಳು, ಸೌರ, ಪವನ, ಜಲ, ಜೈವಿಕ, ಭೂಶಾಖ, ಉಬ್ಬರವಿಳಿತ, ಲಾಭ, ನಷ್ಟ, ಉಪಸಂಹಾರ, ವಂದನೆ ಎಲ್ಲವೂ ಇದ್ದವು. ಭೂಶಾಖ ಮತ್ತು ಉಬ್ಬರವಿಳಿತದಿಂದ ಬರುವ ವಿದ್ಯುತ್ತಿನ ದೊಡ್ಡ ಸ್ಥಾವರ ಕರ್ನಾಟಕದಲ್ಲಿಲ್ಲ, ಅವೆರಡನ್ನೂ ತೆಗೆದೆವು. ಕಬ್ಬಿನ ಸಿಪ್ಪೆಯಿಂದ ವಿದ್ಯುತ್ ತೆಗೆಯುವುದು ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಿಗೆ ಹೊಸದಲ್ಲವಾದರೂ ಅದಕ್ಕೆ ಬೇರೆಯೇ ಎರಡು ನಿಮಿಷ ಬೇಕು. ಲಾಭ-ನಷ್ಟದ ಪಟ್ಟಿಯನ್ನು ಓದಿ ಹೇಳಿದರೆ ಯಾರಿಗೂ ನೆನಪಿರುವುದಿಲ್ಲ. ಉಳಿದದ್ದು ಬಿಸಿಲು, ಗಾಳಿ, ನೀರು.

ಮೂರನ್ನೂ ಬಿಡಿಬಿಡಿಯಾಗಿ ಹೇಳಿದರೆ ಮತ್ತೆ ಪಟ್ಟಿಯೇ ಆಗುತ್ತದೆ. ಅವುಗಳನ್ನು ಪೋಣಿಸುವ ಒಂದು ದಾರ ಬೇಕು. ಖಾನಾಪುರದ ಹುಡುಗನಿಗೆ ಆ ದಾರ ಮನೆಯ ಬಾಗಿಲಲ್ಲೇ ಇತ್ತು. ಜೂನ್‌ನಿಂದ ಅಲ್ಲಿ ಬಿಸಿಲು ಮಾಯ, ಮಳೆಯೋ ಮಳೆ. ಆದರೆ ಅದೇ ತಿಂಗಳುಗಳಲ್ಲಿ ಪೂರ್ವದ ಬಯಲುಸೀಮೆಯ ಗುಡ್ಡಗಳ ಮೇಲೆ ಗಾಳಿ ಬಿರುಸಾಗುತ್ತದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸವದತ್ತಿಯ ಬಳಿಯ ಅಣೆಕಟ್ಟನ್ನು ತುಂಬತೊಡಗುತ್ತಾಳೆ. ಒಂದರ ಕೊರತೆಯ ಕಾಲ ಇನ್ನೊಂದರ ಸುಗ್ಗಿ. ಇದೇ ದಾರ.

ಸಿದ್ಧವಾದ ಭಾಷಣ

"ಅಧ್ಯಾಪಕರೇ, ಗೆಳೆಯರೇ, ನವೀಕರಿಸಬಹುದಾದ ಮೂರು ಶಕ್ತಿ ಮೂಲಗಳನ್ನು ಒಂದು ವರ್ಷದ ಪಂಚಾಂಗದಲ್ಲಿಟ್ಟು ನೋಡೋಣ.

"ಮೊದಲನೆಯದು ಬಿಸಿಲು. ಮಾಳಿಗೆಯ ಮೇಲೆ ಮೂರು ಕಿಲೋವ್ಯಾಟಿನ ಸೌರ ಫಲಕ ಹಾಕಿದರೆ ದಿನಕ್ಕೆ ಸರಾಸರಿ ಹನ್ನೆರಡು ಯೂನಿಟ್ ಬರುತ್ತದೆ. ಇಪ್ಪತ್ತನಾಲ್ಕು ತಾಸೂ ಪೂರ್ತಿ ದುಡಿದಿದ್ದರೆ ಎಪ್ಪತ್ತೆರಡು ಬರಬೇಕಿತ್ತು. ಸಿಗುವುದು ಆರರಲ್ಲಿ ಒಂದು ಪಾಲು. ಖಾನಾಪುರದ ಜುಲೈ ಮಳೆಯಲ್ಲಿ ಅದೂ ಇಳಿಯುತ್ತದೆ.

"ಎರಡನೆಯದು ಗಾಳಿ. ಬಿಸಿಲು ಮಂಕಾಗುವ ಅದೇ ತಿಂಗಳುಗಳಲ್ಲಿ ಸವದತ್ತಿಯ ಗುಡ್ಡಗಳ ಮೇಲೆ ನೈಋತ್ಯ ಮಾರುತ ಜೋರಾಗಿ ಬೀಸುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ಅದರಿಂದ ದೊರೆಯಬಹುದಾದ ಶಕ್ತಿ ಎಂಟರಷ್ಟಾಗುತ್ತದೆ. ಆದ್ದರಿಂದ ಮಳೆಗಾಲವೇ ಗಾಳಿಯಂತ್ರದ ಸುಗ್ಗಿ.

"ಮೂರನೆಯದು ನೀರು. ಬಿಸಿಲು, ಗಾಳಿ ಬಂದಾಗಲೇ ಬಳಸಬೇಕು. ನೀರನ್ನು ಅಣೆಕಟ್ಟಿನಲ್ಲಿ ಕೂಡಿಡಬಹುದು. ಗೋಕಾಕ ಜಲಪಾತದಷ್ಟು, ಅಂದರೆ ಐವತ್ತೆರಡು ಮೀಟರ್ ಎತ್ತರದಿಂದ ಸೆಕೆಂಡಿಗೆ ಒಂದು ಘನ ಮೀಟರ್ ನೀರು ಇಳಿಸಿದರೆ, ಯಂತ್ರದ ನಷ್ಟ ಕಳೆದು ಸುಮಾರು ನಾನೂರು ಕಿಲೋವ್ಯಾಟ್ ಸಿಗುತ್ತದೆ. ಸೂರ್ಯ ಮುಳುಗಿದ ಮೇಲೆ, ದೀಪ ಹಚ್ಚುವ ಹೊತ್ತಿಗೆ ತೂಬು ತೆರೆದರಾಯಿತು.

"ಬೇಸಿಗೆಗೆ ಬಿಸಿಲು, ಮಳೆಗಾಲಕ್ಕೆ ಗಾಳಿ, ಸಂಜೆಗೆ ನೀರು. ಒಂದನ್ನೇ ನೆಚ್ಚಿದರೆ ಕತ್ತಲೆ. ಮೂರನ್ನೂ ಕೂಡಿಸಿದರೆ ಬೆಳಕು. ವಂದನೆಗಳು."

ಇದಕ್ಕೆ ಸ್ಲೈಡುಗಳು ನಾಲ್ಕು ಸಾಕು. ಮೂರರಲ್ಲಿ ಒಂದೊಂದು ಚಿತ್ರ, ಒಂದೊಂದು ಅಂಕಿ. ಕೊನೆಯದರಲ್ಲಿ ಹನ್ನೆರಡು ತಿಂಗಳ ಪಟ್ಟಿ; ಯಾವ ತಿಂಗಳು ಯಾವ ಮೂಲಕ್ಕೆ ಸುಗ್ಗಿ ಎಂದು ಬಣ್ಣ ಹಚ್ಚಿದರಾಯಿತು. ಬಾಯಿ ಹೇಳುವ ವಾಕ್ಯವನ್ನೇ ಪರದೆಯ ಮೇಲೂ ಬರೆದಿಟ್ಟರೆ ಕೇಳುವವರು ಓದುತ್ತಾರೆಯೇ ಹೊರತು ಕೇಳುವುದಿಲ್ಲ.

ಎಡವುವ ಜಾಗ

ಭಾಷಣ ಮುಗಿದ ಮೇಲೆ ಪ್ರಶ್ನೆ ಬರುವುದು ಬಹುತೇಕ ಒಂದೇ ಕಡೆಯಿಂದ: ಕಿಲೋವ್ಯಾಟ್ ಮತ್ತು ಯೂನಿಟ್ಟಿನ ವ್ಯತ್ಯಾಸ. ಕಿಲೋವ್ಯಾಟ್ ಎಂಬುದು ದುಡಿಯುವ ಸಾಮರ್ಥ್ಯ. ಯೂನಿಟ್, ಅಂದರೆ ಕಿಲೋವ್ಯಾಟ್-ಗಂಟೆ, ದುಡಿದ ದುಡಿಮೆ. ನಲ್ಲಿಯ ಧಾರೆಗೂ ಕೊಡದಲ್ಲಿ ತುಂಬಿದ ನೀರಿಗೂ ಇರುವ ವ್ಯತ್ಯಾಸ ಇದು. ತುಮಕೂರು ಜಿಲ್ಲೆಯ ಪಾವಗಡದ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಅದನ್ನು 24 ತಾಸಿನಿಂದ ಗುಣಿಸಿ 'ದಿನಕ್ಕೆ ಇಷ್ಟು ಯೂನಿಟ್' ಎಂದು ಹೇಳಿಬಿಡುವ ವಿದ್ಯಾರ್ಥಿಗಳಿದ್ದಾರೆ. ರಾತ್ರಿ ಸೂರ್ಯನಿಲ್ಲ, ಬೆಳಿಗ್ಗೆ ಸಂಜೆ ಕಿರಣ ಓರೆ, ಮೋಡ ಬೇರೆ. ಹಾಗೆ ಗುಣಿಸಿದ ಅಂಕಿಯನ್ನು ಕಂಡರೆ ಲೆಕ್ಕ ತಪ್ಪಿದೆಯೆಂದು ತಿಳಿಯಬೇಕು. ಒಂದು ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಎಂಬ ಅಳತೆ ನೆನಪಿದ್ದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ನೀರಿನ ಅಂಕಿಗೂ ಲೆಕ್ಕ ಕೈಯಲ್ಲಿರಬೇಕು. ಒಂದು ಘನ ಮೀಟರ್ ನೀರೆಂದರೆ 1,000 ಕಿಲೋಗ್ರಾಂ. ಅದನ್ನು ಗುರುತ್ವ 9.8 ಮತ್ತು ಎತ್ತರ 52ರಿಂದ ಗುಣಿಸಿದರೆ ಸುಮಾರು 5,10,000 ವ್ಯಾಟ್, ಅಂದರೆ 510 ಕಿಲೋವ್ಯಾಟ್. ಟರ್ಬೈನ್ ಮತ್ತು ಜನರೇಟರ್ ಕೂಡಿ ನೂರಕ್ಕೆ 80 ಉಳಿಸಿಕೊಟ್ಟರೆ 400 ಚಿಲ್ಲರೆ. ಗೋಕಾಕದ ನೂಲಿನ ಗಿರಣಿ 1887ರಲ್ಲಿಯೇ ಇದೇ ನೀರಿನ ಬಲದಿಂದ ನಡೆದದ್ದು ಎಂಬುದನ್ನು ಕೇಳಿದರೆ ಹೇಳಬಹುದು.

ಇನ್ನೊಂದು ಪ್ರಶ್ನೆ: 'ಮಳೆ ಕೈಕೊಟ್ಟ ವರ್ಷ?' ಇದಕ್ಕೆ ಸತ್ಯವಾದ ಉತ್ತರ, ಆಗ ಮೂರನೆಯ ಕಾಲು ಕುಂಟುತ್ತದೆ ಎಂಬುದೇ. ಅಣೆಕಟ್ಟಿನ ನೀರಿಗೆ ಕುಡಿಯುವವರ, ಹೊಲದವರ ಹಕ್ಕು ಮೊದಲು, ವಿದ್ಯುತ್ತಿಗೆ ಉಳಿದಷ್ಟು. 'ಎಂದೂ ಮುಗಿಯದ ಶಕ್ತಿ' ಎಂಬ ಮಾತು ಸ್ಲೈಡಿನಲ್ಲಿದ್ದರೆ ಅಳಿಸಿಬಿಡುವುದು ಕ್ಷೇಮ. ಮೂಲ ಮುಗಿಯದಿರಬಹುದು, ಆದರೆ ಬೇಕಾದ ಹೊತ್ತಿಗೆ ಸಿಗುವುದೆಂಬ ಖಾತ್ರಿಯಿಲ್ಲ.

ಮನೆಯಲ್ಲಿ ಅಭ್ಯಾಸ ಮಾಡಿಸುವ ತಂದೆ-ತಾಯಿಯರು ಗಡಿಯಾರ ಹಿಡಿದು ಕೂತರೆ ಸಾಕು. 1 ನಿಮಿಷ 50 ಸೆಕೆಂಡಿಗೆ ಮುಗಿದರೆ ಸರಿಯಾಗಿದೆ. ಎರಡು ನಿಮಿಷ ದಾಟಿದರೆ ವೇಗ ಹೆಚ್ಚಿಸಬೇಡಿ. ಗಾಳಿಯ ವೇಗದ ವಾಕ್ಯವೊಂದನ್ನು ತೆಗೆದು ಪ್ರಶ್ನೋತ್ತರಕ್ಕೆ ಇಟ್ಟುಕೊಳ್ಳಲು ಹೇಳಿ.