ಜಲಶುದ್ಧೀಕರಣ ಸ್ಥಾವರದ ಹಸ್ತಾಂತರ ದಾಖಲೆಗಳು: ಲೋವರ್‌ಮೂರ್ ಪ್ರಕರಣ

ಜಲಶುದ್ಧೀಕರಣ ಸ್ಥಾವರವನ್ನು ಕಟ್ಟಿದವರು ಅದನ್ನು ನಡೆಸತಕ್ಕವರ ವಶಕ್ಕೆ ಒಪ್ಪಿಸುವಾಗ ಯಂತ್ರಗಳೊಡನೆ ಒಂದು ಕಟ್ಟು ಕಾಗದಪತ್ರಗಳನ್ನೂ ಒಪ್ಪಿಸುತ್ತಾರೆ. ನಕ್ಷೆಗಳು, ಯಂತ್ರಗಳ ಪಟ್ಟಿ, ಪರೀಕ್ಷೆಗಳ ಫಲಿತಾಂಶ ಮತ್ತು ಕಾರ್ಯನಿರ್ವಹಣೆಯ ಕೈಪಿಡಿ ಇದರಲ್ಲಿ ಮುಖ್ಯವಾದವು. ನಕ್ಷೆಗಳಲ್ಲಿಯೂ ಎರಡು ಬಗೆಯುಂಟು. ಯೋಜನೆಯ ನಕ್ಷೆ ಏನನ್ನು ಕಟ್ಟಬೇಕೆಂದಿದ್ದರೆಂಬುದನ್ನು ಹೇಳಿದರೆ, ಕಾಮಗಾರಿ ಮುಗಿದ ಮೇಲಿನ ನಕ್ಷೆ ವಾಸ್ತವವಾಗಿ ಏನನ್ನು ಕಟ್ಟಿದರೆಂಬುದನ್ನು ಹೇಳುತ್ತದೆ. ಸ್ಥಾವರವನ್ನು ನಡೆಸುವವನಿಗೆ ಬೇಕಾದುದು ಎರಡನೆಯದು.

ಇಂತಹ ಕಾಗದಗಳು ಯಾವ ಪ್ರಶ್ನೆಗಳಿಗೆ ಉತ್ತರ ಕೊಡಬೇಕೆಂಬುದನ್ನು ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ ನಡೆದ ಒಂದು ಘಟನೆ ಸ್ಪಷ್ಟಪಡಿಸುತ್ತದೆ. ಲೋವರ್‌ಮೂರ್ ಸ್ಥಾವರವು ಕ್ಯಾಮೆಲ್‌ಫರ್ಡ್ ಸುತ್ತಿನ ಸುಮಾರು 20,000 ಜನರಿಗೆ ನೀರು ಒದಗಿಸುತ್ತಿತ್ತು. 1988ರ ಜುಲೈ 6ರಂದು ಬದಲಿ ಚಾಲಕನೊಬ್ಬನು 20 ಟನ್ ಅಲ್ಯೂಮಿನಿಯಂ ಸಲ್ಫೇಟ್ ದ್ರಾವಣವನ್ನು ತಂದನು. ಅಲ್ಲಿ ಸಿಬ್ಬಂದಿ ಯಾರೂ ಇರಲಿಲ್ಲ. ಅವನಲ್ಲಿದ್ದ ಬೀಗದ ಕೈ ಒಂದು ತೊಟ್ಟಿಯ ಮುಚ್ಚಳಕ್ಕೆ ಹೊಂದಿತು. ದ್ರಾವಣವನ್ನು ಅದರೊಳಕ್ಕೆ ಸುರಿದನು. ಅದು ದ್ರಾವಣದ ಸಂಗ್ರಹ ತೊಟ್ಟಿಯಾಗಿರದೆ, ಶುದ್ಧವಾದ ನೀರು ಊರಿಗೆ ಹೊರಡುವ ಮುನ್ನ ಕ್ಲೋರೀನಿನೊಡನೆ ನಿಲ್ಲುವ ತೊಟ್ಟಿಯಾಗಿತ್ತು.

ವ್ಯತ್ಯಾಸದ ಮಹತ್ವ ಇಲ್ಲಿದೆ. ಈ ದ್ರಾವಣವನ್ನು ಅಲ್ಪ ಪ್ರಮಾಣದಲ್ಲಿ ಹಸಿ ನೀರಿಗೆ ಬೆರೆಸಿದರೆ ಅದು ಕೆಸರಿನ ಕಣಗಳನ್ನು ಗೆಡ್ಡೆಗಟ್ಟಿಸುತ್ತದೆ. ಆ ಗೆಡ್ಡೆಗಳು ತಳಕ್ಕಿಳಿದು, ಉಳಿದವು ಮರಳಿನ ಸೋಸುಹಾಸಿನಲ್ಲಿ ತಡೆಯಲ್ಪಡುತ್ತವೆ. ಸೋಸುವಿಕೆಯ ನಂತರ ಬೆರೆತರೆ ಅದನ್ನು ತೆಗೆಯುವ ಹಂತವೇ ಮುಂದೆ ಉಳಿದಿಲ್ಲ. ನೀರು ಆಮ್ಲೀಯವಾಗಿ, ಮನೆಗಳ ಕೊಳವೆಗಳಿಂದ ತಾಮ್ರವನ್ನೂ ಕರಗಿಸಿಕೊಂಡಿತು. ಮೊದಲು ಸಂದೇಹ ಬಿದ್ದುದು ಸುಣ್ಣ ಬೆರೆಸುವ ಯಂತ್ರದ ಮೇಲೆ. ನಿಜವಾದ ಕಾರಣ ಎರಡು ದಿನಗಳಲ್ಲಿ ತಿಳಿದರೂ, ಜನರಿಗೆ ಪತ್ರಿಕಾ ಪ್ರಕಟಣೆಯ ಮೂಲಕ ತಿಳಿದುದು ಜುಲೈ 22ರಂದು.

ಇದರಿಂದ ಕೈಪಿಡಿಯ ರೂಪರೇಖೆಗೆ ನಾಲ್ಕು ಅಧ್ಯಾಯಗಳು ದೊರೆಯುತ್ತವೆ. ಮೊದಲನೆಯದು ತೊಟ್ಟಿಗಳ ಪಟ್ಟಿ: ನಕ್ಷೆಯಲ್ಲಿರುವ ಸಂಖ್ಯೆಯನ್ನೇ ತೊಟ್ಟಿಯ ಮೇಲೂ ಬರೆಯಬೇಕು. ಎರಡನೆಯದು ರಾಸಾಯನಿಕಗಳ ಸ್ವೀಕಾರ: ಯಾರ ಸಮ್ಮುಖದಲ್ಲಿ, ಯಾವ ಬಾಯಿಗೆ, ಯಾವ ಬೀಗದ ಕೈಯಿಂದ ಎಂಬುದು. ಪ್ರತಿ ಬಾಯಿಗೂ ಬೇರೆ ಬೀಗ, ಬೇರೆ ಅಳತೆಯ ಜೋಡಣೆ ಇದ್ದರೆ ತಪ್ಪು ತೊಟ್ಟಿ ತೆರೆಯುವುದೇ ಇಲ್ಲ. ಮೂರನೆಯದು ದೋಷದ ಲಕ್ಷಣಗಳು. ಉದಾಹರಣೆಗೆ, ಹೊರಡುವ ನೀರಿನ ಆಮ್ಲೀಯತೆ ಏರಿದರೆ ಸುಣ್ಣ ನಿಂತಿರಬಹುದು, ಇಲ್ಲವೆ ದ್ರಾವಣ ಅತಿಯಾಗಿರಬಹುದು. ಅಲ್ಯೂಮಿನಿಯಂ ಅಳೆದು ನೋಡಿ, ಅದು ರೂಢಿಯ ಮಟ್ಟವನ್ನು ಹಲವು ಪಟ್ಟು ಮೀರಿದ್ದರೆ ಎರಡನೆಯ ಕಾರಣವನ್ನೇ ಹುಡುಕಬೇಕು. ನಾಲ್ಕನೆಯದು, ಸರಬರಾಜನ್ನು ನಿಲ್ಲಿಸುವ ಅಧಿಕಾರ ಯಾರದು, ಜನರಿಗೆ ಎಷ್ಟು ಹೊತ್ತಿನೊಳಗೆ ತಿಳಿಸಬೇಕು ಎಂಬುದು.

ಆದರೂ ಕೈಪಿಡಿ ಹಸ್ತಾಂತರದ ದಿನದ ಸ್ಥಿತಿಯನ್ನು ಮಾತ್ರ ಬಲ್ಲದು. ಅನಂತರ ಒಂದು ಕೊಳವೆಯನ್ನು ಬದಲಿಸಿದರೂ ತಾರೀಖು, ಸಹಿಗಳೊಡನೆ ಅದನ್ನು ನಕ್ಷೆಯಲ್ಲಿ ತಿದ್ದದಿದ್ದರೆ, ಕಾಮಗಾರಿ ಮುಗಿದ ಮೇಲಿನ ನಕ್ಷೆಯೂ ಕ್ರಮೇಣ ಹಳೆಯ ಯೋಜನೆಯ ನಕ್ಷೆಯಷ್ಟೇ ಅವಿಶ್ವಸನೀಯವಾಗುತ್ತದೆ.