ದೊಡ್ಡ ಬಾಕಿಗೆ ಕಂತಿನ ಪತ್ರ: ಮುಖ್ಯವಾದುದು ಗಿರಾಕಿಯ ಸಹಿ

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಪೇಟೆಗಳ ಸಗಟು ವರ್ತಕರು ಮುಂಗಾರಿನಲ್ಲಿ ಹಳ್ಳಿಯ ಅಂಗಡಿಕಾರರಿಗೆ ಉದ್ರಿ ಮಾಲು ಕೊಡುವುದು ವಾಡಿಕೆ. ಅಂಗಡಿಕಾರನ ಹಣ ರೈತನ ಕೈಯಲ್ಲಿ, ರೈತನ ಹಣ ಹೊಲದಲ್ಲಿ. ಆದ್ದರಿಂದ ಒಮ್ಮೆಗೇ ಬಾಕಿ ತೀರಿಸಲಾಗದ ಗಿರಾಕಿಗೆ ಕಂತುಗಳನ್ನು ಸೂಚಿಸಿ ವರ್ತಕನೇ ಪತ್ರ ಬರೆಯುವುದು ಲೇಸು. ಆದರೆ ಬಹಳಷ್ಟು ಪತ್ರಗಳಲ್ಲಿ ವರ್ತಕನ ಸಹಿ ಮಾತ್ರ ಇರುತ್ತದೆ. ಅಂಥ ಪತ್ರ ಸೌಜನ್ಯವನ್ನು ತೋರಿಸುತ್ತದೆಯೇ ಹೊರತು ಬಾಕಿಯನ್ನು ರಕ್ಷಿಸುವುದಿಲ್ಲ.

ಕಾರಣ ಕಾಲಮಿತಿ. 1963ರ ಪರಿಮಿತಿ ಅಧಿನಿಯಮದಂತೆ ಮಾರಿದ ಮಾಲಿನ ಬೆಲೆಗಾಗಿ ದಾವೆ ಹೂಡಲು ಮೂರು ವರ್ಷಗಳ ಅವಧಿಯಿದೆ. ಉದ್ರಿಯ ಗಡುವು ಗೊತ್ತುಪಡಿಸದಿದ್ದರೆ ಮಾಲು ಒಪ್ಪಿಸಿದ ದಿನದಿಂದ, ಗೊತ್ತುಪಡಿಸಿದ್ದರೆ ಆ ಗಡುವು ಮುಗಿದ ದಿನದಿಂದ ಅದರ ಎಣಿಕೆ. ವರ್ತಕ ಎಷ್ಟು ಪತ್ರ ಬರೆದರೂ ಈ ಎಣಿಕೆ ನಿಲ್ಲುವುದಿಲ್ಲ. ಅವಧಿ ಮುಗಿಯುವ ಮೊದಲೇ ಸಾಲಗಾರನು ಬಾಕಿಯನ್ನು ಒಪ್ಪಿ ಬರಹದಲ್ಲಿ ಸಹಿ ಮಾಡಿದರೆ ಮಾತ್ರ, 18ನೆಯ ಕಲಮಿನ ಪ್ರಕಾರ, ಸಹಿಯ ದಿನದಿಂದ ಹೊಸ ಅವಧಿ ಆರಂಭವಾಗುತ್ತದೆ. ಸಹಿ ಮಾಲಕನದು ಇಲ್ಲವೆ ಅವನಿಂದ ಅಧಿಕಾರ ಪಡೆದವನದು ಇರಬೇಕು. ಗಲ್ಲೆಯ ಮೇಲೆ ಕುಳಿತ ಗುಮಾಸ್ತನ ಸಹಿಯನ್ನು ನೆಚ್ಚುವಂತಿಲ್ಲ.

ಒಂದು ಉದಾಹರಣೆಯನ್ನು ನೋಡೋಣ. ಸಿಂದಗಿಯ ಸಗಟು ವರ್ತಕರೊಬ್ಬರು ಮುದ್ದೇಬಿಹಾಳ ತಾಲೂಕಿನ ಅಂಗಡಿಕಾರರೊಬ್ಬರಿಗೆ 2025ರ ಜೂನ್ 10ರಂದು ಹನಿ ನೀರಾವರಿಯ ಪೈಪು, ಪಂಪು ಕೊಟ್ಟಿದ್ದಾರೆಂದು ಇಟ್ಟುಕೊಳ್ಳೋಣ. ಬಾಕಿ 3,60,000 ರೂಪಾಯಿ. ಅಕ್ಟೋಬರ್ 10ರಂದು ಬರೆದ ಪತ್ರದ ತಿರುಳು ಹೀಗಿರಬಹುದು:

“ಶ್ರೀಯುತರಿಗೆ, ವಂದನೆಗಳು. ದಿನಾಂಕ 10-6-2025ರ ಬಿಲ್ಲಿನಂತೆ ತಮ್ಮ ಖಾತೆಯಲ್ಲಿ ಇಂದಿಗೆ ರೂ. 3,60,000 ಬಾಕಿ ಇದೆ. ತಮ್ಮ ಅಡಚಣೆಯನ್ನು ತಿಳಿದು ಈ ಕಂತುಗಳನ್ನು ಸೂಚಿಸುತ್ತೇವೆ: ಈ ದಿನ ರೂ. 60,000, 31-1-2026ಕ್ಕೆ ರೂ. 1,20,000, 31-3-2026ಕ್ಕೆ ರೂ. 1,00,000, 31-5-2026ಕ್ಕೆ ರೂ. 80,000. ಗಡುವಿನಂತೆ ಹಣ ಬಂದಲ್ಲಿ ಬಡ್ಡಿ ಕೇಳುವುದಿಲ್ಲ. ಯಾವುದೇ ಕಂತು 15 ದಿನಗಳಿಗಿಂತ ಹೆಚ್ಚು ತಡವಾದಲ್ಲಿ ಉಳಿದ ಬಾಕಿಯೆಲ್ಲ ಒಮ್ಮೆಗೇ ಸಲ್ಲತಕ್ಕದ್ದು.”

ಅದೇ ಹಾಳೆಯ ಕೆಳಗೆ ಗಿರಾಕಿಯ ಒಪ್ಪಿಗೆ: “ಮೇಲ್ಕಂಡ ಬಾಕಿ ನಿಜವೆಂದು ಒಪ್ಪಿ, ಸೂಚಿಸಿದ ಕಂತುಗಳಲ್ಲಿ ಸಲ್ಲಿಸುತ್ತೇನೆ.” ಸಹಿ, ದಿನಾಂಕ, ಅಂಗಡಿಯ ಶಿಕ್ಕೆ. ಇದರಿಂದ 2028ರ ಜೂನ್ 10ಕ್ಕೆ ಮುಗಿಯಬೇಕಾಗಿದ್ದ ಅವಧಿ ಅಕ್ಟೋಬರ್ 10ರವರೆಗೆ ಮುಂದುವರಿಯುತ್ತದೆ.

ಕಂತಿನ ತಿಂಗಳುಗಳನ್ನು ಸುಗ್ಗಿ ನೋಡಿಯೇ ಇಡಲಾಗಿದೆ. ತೊಗರಿ ಡಿಸೆಂಬರ್–ಜನವರಿಯಲ್ಲಿ, ಬಿಳಿಜೋಳ ಫೆಬ್ರುವರಿ–ಮಾರ್ಚಿನಲ್ಲಿ ಕೈಗೆ ಬರುತ್ತದೆ. ಗಿರಾಕಿ ಇಂಡಿ ಕಡೆಯವನಾಗಿದ್ದರೆ ಬೇಸಿಗೆಯ ನಿಂಬೆಯ ಹಣವನ್ನೂ ಲೆಕ್ಕಕ್ಕೆ ಹಿಡಿಯಬಹುದು. ಪ್ರತಿ ತಿಂಗಳೂ ಸಮನಾದ ಕಂತು ಕಾಗದದ ಮೇಲೆ ಅಂದವಾಗಿ ಕಾಣುತ್ತದೆ, ನವೆಂಬರಿನಲ್ಲಿಯೇ ತಪ್ಪುತ್ತದೆ.

ಕಂತು ಬಂದಾಗಲೂ ಒಂದು ಎಚ್ಚರ ಬೇಕು. ಭಾಗಶಃ ಪಾವತಿಯಿಂದ ಹೊಸ ಅವಧಿ ದೊರೆಯಬೇಕಾದರೆ ಆ ಪಾವತಿಯ ಉಲ್ಲೇಖ ಕೊಟ್ಟವನ ಕೈಬರಹದಲ್ಲಿ ಅಥವಾ ಸಹಿಯಲ್ಲಿ ಇರಬೇಕೆಂದು 19ನೆಯ ಕಲಮು ಹೇಳುತ್ತದೆ. ವರ್ತಕನು ತನ್ನ ವಹಿಯಲ್ಲಿ ಜಮಾ ಬರೆದುಕೊಂಡರೆ ಸಾಲದು. ನಗದು ಬಂದರೆ ರಶೀದಿಯ ಅಡಿಪ್ರತಿಯ ಮೇಲೆ ಗಿರಾಕಿಯ ಸಹಿ ಪಡೆಯಬೇಕು. ಚೆಕ್ಕಾದರೆ ಸಹಿ ಅದರಲ್ಲಿಯೇ ಇರುತ್ತದೆ.

ಹೆಚ್ಚಿನವರು ಎಡವುವುದು ಜಾಮೀನಿನ ವಿಷಯದಲ್ಲಿ. ಗಿರಾಕಿಯ ಅಣ್ಣನೋ ಅಡತಿ ಅಂಗಡಿಯವರೋ ಮೊದಲೇ ಜಾಮೀನು ನಿಂತಿದ್ದು, ಅವರನ್ನು ಕೇಳದೆ ವರ್ತಕನು ಗಿರಾಕಿಯೊಡನೆ ಕಾಲಾವಕಾಶದ ಕರಾರು ಮಾಡಿಕೊಂಡರೆ, 1872ರ ಕರಾರು ಅಧಿನಿಯಮದ 135ನೆಯ ಕಲಮಿನಂತೆ ಜಾಮೀನುದಾರನು ಹೊಣೆಯಿಂದ ಬಿಡುಗಡೆ ಹೊಂದುತ್ತಾನೆ. ದಯೆಯಿಂದ ಬರೆದ ಪತ್ರವೇ ಗಟ್ಟಿ ಆಸರೆಯನ್ನು ಕಳೆದುಬಿಡುತ್ತದೆ. ಆದುದರಿಂದ ಗಿರಾಕಿಯ ಸಹಿಗೆ ಮೊದಲು, “ಈ ಕಂತುಗಳಿಗೆ ನನ್ನ ಸಮ್ಮತಿಯಿದೆ, ನನ್ನ ಜಾಮೀನು ಮುಂದುವರಿಯುತ್ತದೆ” ಎಂದು ಜಾಮೀನುದಾರನಿಂದ ಬರೆಯಿಸಿ ಸಹಿ ಪಡೆಯಬೇಕು.

ಗಿರಾಕಿಗೆ ಹೇಳಲೇಬೇಕಾದ ಮಾತೊಂದಿದೆ. ಅವನು ಜಿಎಸ್‌ಟಿ ನೋಂದಾಯಿತನಾಗಿ ಈ ಬಿಲ್ಲಿನ ಮೇಲೆ ತೆರಿಗೆ ಜಮೆ ಪಡೆದಿದ್ದರೆ, ಬಿಲ್ಲಿನ ದಿನದಿಂದ 180 ದಿನಗಳೊಳಗೆ ಹಣ ಸಲ್ಲಿಸದ ಭಾಗದ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ. ಬಡ್ಡಿಯ ಹೊರೆಯೂ ಬೀಳಬಹುದು. ಮೇಲಿನ ಉದಾಹರಣೆಯಲ್ಲಿ ಆ ಗಡುವು 2025ರ ಡಿಸೆಂಬರ್ 7. ಅಷ್ಟರೊಳಗೆ ಸಂದಿರುವುದು 60,000 ರೂಪಾಯಿ ಮಾತ್ರ. ಮುಂದಿನ ಕಂತುಗಳು ಸಂದಂತೆ ಜಮೆಯನ್ನು ಮರಳಿ ಪಡೆಯಬಹುದಾದರೂ, ಮೊದಲ ಕಂತನ್ನು ಹಿಗ್ಗಿಸುವುದಕ್ಕೆ ಗಿರಾಕಿಯ ಮುಂದಿಡಲು ಇದು ತಕ್ಕ ಕಾರಣ.