ಮೊಬೈಲ್‌ನಲ್ಲಿ ಬಿಲ್ ಫೋಟೋ ಇದ್ದರೆ ಸಾಲದು: ಆಫೀಸಿನಿಂದ ಖರ್ಚಿನ ದುಡ್ಡು ಮರಳಿ ಪಡೆಯಲು ತೆರಿಗೆ ಲೆಕ್ಕ ಬಿಡಿಸುವುದು ಹೀಗೆ

ಹಳಿಯಾಳ: ಆಫೀಸಿನ ಕೆಲಸಕ್ಕೆಂದು ದಾಂಡೇಲಿ, ಜೋಯಿಡಾ, ಹುಬ್ಬಳ್ಳಿ ಸುತ್ತುವವರು ಮೊದಲು ಕೈಯಿಂದ ದುಡ್ಡು ಹಾಕುತ್ತಾರೆ. ತಿಂಗಳ ಕೊನೆಗೆ ಮೊಬೈಲ್‌ನಲ್ಲಿದ್ದ ಬಿಲ್ ಫೋಟೋಗಳನ್ನೆಲ್ಲ ಒಟ್ಟಿಗೆ ವಾಟ್ಸಾಪ್ ಮಾಡಿ ಕೈತೊಳೆದುಕೊಳ್ಳುತ್ತಾರೆ. ಲೆಕ್ಕ ವಿಭಾಗದಿಂದ ಅದು ವಾಪಸ್ ಬರುತ್ತದೆ: ‘ವಿಭಾಗ ಬರೆದಿಲ್ಲ, ತೆರಿಗೆ ಬೇರೆ ತೋರಿಸಿಲ್ಲ’. ಅಷ್ಟರಲ್ಲಿ ಬಿಲ್ ಅಳಿಸಿ ಹೋಗಿರುತ್ತದೆ, ಹಾಕಿದ ದುಡ್ಡು ಸಿಕ್ಕಿಬೀಳುತ್ತದೆ.

ಫೋಟೋ ತೆಗೆಯುವುದು ಅದೇ ದಿನ

ಪೆಟ್ರೋಲ್ ಬಂಕ್, ಹೋಟೆಲ್, ಬಸ್ಸಿನ ಟಿಕೆಟ್ ಮಷಿನ್‌ಗಳಿಂದ ಬರುವುದು ಹೆಚ್ಚಾಗಿ ಥರ್ಮಲ್ ಕಾಗದ. ಅದರಲ್ಲಿ ಶಾಯಿ ಇರುವುದಿಲ್ಲ, ಬಿಸಿಗೆ ಕಾಗದವೇ ಕಪ್ಪಾಗುತ್ತದೆ. ಬಿಸಿಲಿಗೆ ಇಟ್ಟರೆ, ಪಾಕೀಟಿನಲ್ಲಿ ಉಜ್ಜಿದರೆ ಅಕ್ಷರ ಮಾಸುತ್ತವೆ. ಹಾಗಾಗಿ ಅಂದೇ ಫೋಟೋ ತೆಗೆಯಬೇಕು. ಅಂಗಡಿ ಹೆಸರು, ಜಿಎಸ್‌ಟಿ ಸಂಖ್ಯೆ, ಬಿಲ್ ನಂಬರ್, ದಿನಾಂಕ, ಒಟ್ಟು ಮೊತ್ತ ಎಲ್ಲವೂ ಒಂದೇ ಫೋಟೋದಲ್ಲಿ ಬರಬೇಕು.

ಇನ್ನೊಂದು ತೊಡಕು ವಾಟ್ಸಾಪ್‌ನದು. ಫೋಟೋ ಆಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, 3 ಯಾವುದು 8 ಯಾವುದು ತಿಳಿಯದು. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಚಿತ್ರವೇ ಹೋಗುತ್ತದೆ. ವಾಟ್ಸಾಪ್‌ನಿಂದ ಬಂದ ಫೋಟೋದ ಹೆಸರು `IMG-20260112-WA0003.jpg` ಎಂದಿದ್ದರೆ ಆ ದಿನಾಂಕ ವಾಟ್ಸಾಪ್‌ನದು, ಬಿಲ್‌ನದಲ್ಲ. ಬಿಲ್ ನೋಡಿ `0110-lodge-1260.jpg` ಅಂತ ದಿನಾಂಕ, ವಿಭಾಗ, ಮೊತ್ತ ಇಟ್ಟು ಹೆಸರು ಬದಲಿಸಿದರೆ ವಿಂಗಡಣೆ ಅರ್ಧ ಮುಗಿದಂತೆ.

ಒಂದು ಪ್ರವಾಸದ ಲೆಕ್ಕ

ಉದಾಹರಣೆಗೆ, ತೇರಗಾಂವದ ಒಬ್ಬರು ಹುಬ್ಬಳ್ಳಿಯ ಆಫೀಸಿಗಾಗಿ ದಾಂಡೇಲಿಗೆ ಎರಡು ದಿನ ಹೋಗಿ ಬಂದರು ಎನ್ನೋಣ. ಅವರ ಬಳಿ ಏಳು ಫೋಟೋ ಇವೆ.

1. ಸಾಮಾನ್ಯ ಬಸ್ ಟಿಕೆಟ್‌ಗಳು: ₹90. ಎಸಿ ಇಲ್ಲದ ಬಸ್ ಪ್ರಯಾಣಕ್ಕೆ ಜಿಎಸ್‌ಟಿ ಇಲ್ಲ.
2. ಬೈಕಿಗೆ ಪೆಟ್ರೋಲ್: ₹500. ಪೆಟ್ರೋಲ್ ಜಿಎಸ್‌ಟಿಯ ಹೊರಗಿದೆ. ಅದರ ಮೇಲಿನ ತೆರಿಗೆ ದರದಲ್ಲೇ ಸೇರಿದೆ, ಜಿಎಸ್‌ಟಿ ಕಾಲಂ ಸೊನ್ನೆ.
3. ಖಾನಾವಳಿ ಊಟ: ₹120. ಕೈಬರಹದ ಚೀಟಿ, ಜಿಎಸ್‌ಟಿ ಸಂಖ್ಯೆ ಇಲ್ಲ. ತೆರಿಗೆ ಸೊನ್ನೆ.
4. ರೆಸ್ಟೋರೆಂಟ್ ಊಟ: ₹420. ಬಿಲ್‌ನಲ್ಲೇ ಊಟ ₹400, ಸಿಜಿಎಸ್‌ಟಿ ₹10, ಎಸ್‌ಜಿಎಸ್‌ಟಿ ₹10 ಎಂದಿದೆ.
5. ಲಾಡ್ಜ್: ₹1,260. ಬಾಡಿಗೆ ₹1,200, ಸಿಜಿಎಸ್‌ಟಿ ₹30, ಎಸ್‌ಜಿಎಸ್‌ಟಿ ₹30.
6. ಪೆನ್ ಡ್ರೈವ್: ₹590, ‘ಶೇ 18 ಜಿಎಸ್‌ಟಿ ಸೇರಿ’ ಎಂದು ಮಾತ್ರ ಬರೆದಿದೆ.
7. ಫೋನ್‌ಪೇ ಸ್ಕ್ರೀನ್‌ಶಾಟ್: ₹420.

ಆರನೆಯ ಬಿಲ್‌ನಲ್ಲಿ ಬಹಳ ಜನ ತಪ್ಪುತ್ತಾರೆ. ₹590ಕ್ಕೆ ಶೇ 18 ಅಂದರೆ ₹106.20 ಎಂದು ಬರೆದುಬಿಡುತ್ತಾರೆ. ಆದರೆ ₹590ರೊಳಗೆ ತೆರಿಗೆ ಆಗಲೇ ಕೂಡಿದೆ. ₹100ರ ಮಾಲು ತೆರಿಗೆ ಸೇರಿ ₹118 ಆಗುತ್ತದೆ. ಆದ್ದರಿಂದ 18ರಿಂದ ಗುಣಿಸಿ 118ರಿಂದ ಭಾಗಿಸಬೇಕು. ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಹೀಗೆ:

```
=590*18/118
```

ಬರುವುದು ₹90. ಮಾಲಿನ ಬೆಲೆ ₹500, ಸಿಜಿಎಸ್‌ಟಿ ₹45, ಎಸ್‌ಜಿಎಸ್‌ಟಿ ₹45. ತಾಳೆ ನೋಡುವುದು ಸುಲಭ: ₹500ಕ್ಕೆ ಶೇ 18 ಹಾಕಿದರೆ ₹90 ಬರಲೇಬೇಕು.

ಏಳನೆಯ ಫೋಟೋ ಬೇರೆ ಖರ್ಚಲ್ಲ, ನಾಲ್ಕನೆಯ ಬಿಲ್ಲಿನ ಪಾವತಿ. ಎರಡನ್ನೂ ಬರೆದರೆ ಒಂದೇ ಊಟಕ್ಕೆ ಎರಡು ಸಲ ದುಡ್ಡು ಕೇಳಿದಂತಾಗುತ್ತದೆ, ನಂತರ ಉಳಿದ ಬಿಲ್‌ಗಳ ಮೇಲೂ ಅನುಮಾನ ಬರುತ್ತದೆ. ಸ್ಕ್ರೀನ್‌ಶಾಟನ್ನು ನಾಲ್ಕನೆಯ ಬಿಲ್‌ಗೆ ಜೋಡಿಸಿಟ್ಟರೆ ಸಾಕು.

ಈಗ ಕೂಡಿಸೋಣ. ಪ್ರಯಾಣ ₹590, ಊಟ ₹540, ವಸತಿ ₹1,260, ಆಫೀಸ್ ಸಾಮಾನು ₹590. ಒಟ್ಟು ಕ್ಲೈಮ್ ₹2,980. ಅದರಲ್ಲಿ ಜಿಎಸ್‌ಟಿ 20, 60, 90 ಸೇರಿ ₹170. ಪ್ರಯಾಣದ ₹590 ಮತ್ತು ಪೆನ್ ಡ್ರೈವ್‌ನ ₹590 ಒಂದೇ ಮೊತ್ತವಾದರೂ ವಿಭಾಗ ಬೇರೆ. ಒಂದರಲ್ಲಿ ಜಿಎಸ್‌ಟಿ ಸೊನ್ನೆ, ಇನ್ನೊಂದರಲ್ಲಿ ₹90.

ಶಕ್ತಿ ಯೋಜನೆಯಲ್ಲಿ ಶೂನ್ಯ ಟಿಕೆಟ್ ಪಡೆದ ಮಹಿಳೆಯರು ದುಡ್ಡು ಕೊಟ್ಟಿಲ್ಲದ ಕಾರಣ ಅದನ್ನು ಕ್ಲೈಮ್‌ಗೆ ಹಾಕುವಂತಿಲ್ಲ.

ತೆರಿಗೆ ಬೇರೆ ಯಾಕೆ ಬರೆಯಬೇಕು?

ನೌಕರರಿಗೆ ₹2,980 ಪೂರ್ತಿ ಸಿಗಬೇಕು. ತೆರಿಗೆ ಬೇರೆ ಬೇಕಾಗುವುದು ಆಫೀಸಿಗೆ. ತಾನು ಕೊಟ್ಟ ಜಿಎಸ್‌ಟಿಯನ್ನು ಅದು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಇದಕ್ಕೆ ಇನ್‌ಪುಟ್ ಕ್ರೆಡಿಟ್ ಅನ್ನುತ್ತಾರೆ. ಆದರೆ ₹170ಕ್ಕೂ ಅದು ಸಿಗುವುದಿಲ್ಲ. ಊಟ, ತಿಂಡಿಯ ತೆರಿಗೆಗೆ ಸಾಮಾನ್ಯವಾಗಿ ಕ್ರೆಡಿಟ್ ಇಲ್ಲ, ಆ ₹20 ಆಫೀಸಿನ ಖರ್ಚೇ. ಲಾಡ್ಜ್‌ನ ₹60, ಪೆನ್ ಡ್ರೈವ್‌ನ ₹90 ಸೇರಿ ₹150 ಕೋರಲು ಅವಕಾಶವಿದೆ, ಅದೂ ಬಿಲ್‌ನಲ್ಲಿ ಆಫೀಸಿನ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ ಇದ್ದರೆ. ನೌಕರರ ಹೆಸರಲ್ಲಿ ಬಿಲ್ ಮಾಡಿಸಿದರೆ ಅದು ಕೈತಪ್ಪುತ್ತದೆ. ಹಾಗಾಗಿ ಆಫೀಸಿನ ಸಂಖ್ಯೆಯನ್ನು ಫೋನ್‌ನಲ್ಲಿ ಇಟ್ಟುಕೊಂಡು, ಬಿಲ್ ಆಗುವ ಮೊದಲೇ ಕೌಂಟರ್‌ನಲ್ಲಿ ತೋರಿಸಬೇಕು.

ಗೋವಾಕ್ಕೆ ಹೋಗಿ ಬರುವವರು ಒಂದು ವಿಷಯ ಗಮನಿಸಬೇಕು. ಜಿಎಸ್‌ಟಿ ಸಂಖ್ಯೆಯ 15 ಅಕ್ಷರಗಳಲ್ಲಿ ಮೊದಲೆರಡು ರಾಜ್ಯದ್ದು: ಕರ್ನಾಟಕ 29, ಗೋವಾ 30. ಗೋವಾದ ಲಾಡ್ಜ್ ಹಾಕುವ ತೆರಿಗೆ ಗೋವಾದ್ದು. ಕರ್ನಾಟಕದಲ್ಲಿ ಮಾತ್ರ ನೋಂದಣಿ ಇರುವ ಆಫೀಸಿಗೆ ಅದರ ಕ್ರೆಡಿಟ್ ಬರುವುದಿಲ್ಲ. ಆದರೂ ನೌಕರರ ಖರ್ಚು ಖರ್ಚೇ, ಕ್ಲೈಮ್ ಹಾಕಬಹುದು.

ಇಲ್ಲದ ತೆರಿಗೆ ಬರೆಯಬೇಡಿ

ಖಾನಾವಳಿ ಊಟಕ್ಕೂ ಶೇ 5 ಅಂತ ತಾವೇ ಲೆಕ್ಕ ಹಾಕಿ ಬರೆಯುವವರಿದ್ದಾರೆ. ಅದು ತಪ್ಪು. ನೋಂದಣಿ ಇಲ್ಲದ ಅಂಗಡಿ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಕಾಂಪೊಸಿಷನ್ ಯೋಜನೆಯಲ್ಲಿರುವ ಅಂಗಡಿಗೆ ಜಿಎಸ್‌ಟಿ ಸಂಖ್ಯೆ ಇರುತ್ತದೆ, ಆದರೂ ಗಿರಾಕಿಯಿಂದ ತೆರಿಗೆ ಬೇರೆ ತೆಗೆದುಕೊಳ್ಳುವಂತಿಲ್ಲ. ಅವರು ಕೊಡುವುದು ‘ಬಿಲ್ ಆಫ್ ಸಪ್ಲೈ’, ‘ಟ್ಯಾಕ್ಸ್ ಇನ್‌ವಾಯ್ಸ್’ ಅಲ್ಲ. ಸಂಶಯ ಬಂದರೆ ಜಿಎಸ್‌ಟಿ ಪೋರ್ಟಲ್‌ನ `Search Taxpayer`ನಲ್ಲಿ ಆ ಸಂಖ್ಯೆ ಹಾಕಿದರೆ ಅಂಗಡಿ ಯಾವ ಬಗೆಯದು ಎಂದು ಗೊತ್ತಾಗುತ್ತದೆ. ಹೋಟೆಲ್ ಬಿಲ್‌ನ ‘ಸರ್ವಿಸ್ ಚಾರ್ಜ್’ ಕೂಡ ತೆರಿಗೆಯಲ್ಲ.

ದರವನ್ನೂ ನೆನಪಿನಿಂದ ಬರೆಯಬಾರದು. 2025ರ ಸೆಪ್ಟೆಂಬರ್ 22ರಿಂದ ಹಲವು ದರ ಬದಲಾಗಿವೆ. ದಿನಕ್ಕೆ ₹7,500ರವರೆಗಿನ ಲಾಡ್ಜ್ ರೂಮಿಗೆ ಮೊದಲು ಶೇ 12 ಇದ್ದದ್ದು ಈಗ ಶೇ 5. ಹಳೇ ಬಿಲ್ ಇದ್ದರೆ ಅದರಲ್ಲಿ ಇದ್ದದ್ದನ್ನೇ ಬರೆಯಿರಿ.

ಅಂಗಡಿಕಾರರಿಗೆ

‘ಬಿಲ್ ಯಾಕ್ರಿ, ಫೋನ್‌ಪೇ ಮೆಸೇಜ್ ಬಂದೈತಲ್ಲ?’ ಎಂಬ ಮಾತು ಕೌಂಟರ್‌ನಲ್ಲಿ ಕೇಳಿಬರುವುದುಂಟು. ಮೆಸೇಜ್‌ನಲ್ಲಿ ದುಡ್ಡು ಹೋದದ್ದು ಇರುತ್ತದೆ, ಏನು ಕೊಂಡರು, ತೆರಿಗೆ ಎಷ್ಟು ಎಂಬುದು ಇರುವುದಿಲ್ಲ. ನೋಂದಣಿ ಇರುವವರು ಗಿರಾಕಿ ಸಂಖ್ಯೆ ಕೊಟ್ಟಾಗಲೇ ಬಿಲ್‌ನಲ್ಲಿ ಸೇರಿಸಿ, ರಿಟರ್ನ್‌ನಲ್ಲೂ ಆ ಸಂಖ್ಯೆಯ ಅಡಿ ತೋರಿಸಬೇಕು. ಅಲ್ಲಿ ಬಿಟ್ಟುಹೋದರೆ ಗಿರಾಕಿಯ ಆಫೀಸಿಗೆ ಕ್ರೆಡಿಟ್ ಬರುವುದಿಲ್ಲ, ತಿಂಗಳ ನಂತರ ಬಿಲ್ ತಿದ್ದಿಕೊಡಿ ಅಂತ ಅದೇ ಗಿರಾಕಿ ಮತ್ತೆ ಅಂಗಡಿ ಬಾಗಿಲಿಗೆ ಬರುತ್ತಾರೆ.